ಸಹಾಯ ಬೇಕು: ಟೊರೆಂಟ್ ಸೀಡಿಂಗ್ ಶುರುವಾದರೆ ಮನೆಯ ನೆಟ್ಟೆಲ್ಲ ನಿಧಾನ

ನಮ್ಮದು ಕೇಬಲ್ ನೆಟ್. ಡೌನ್‌ಲೋಡ್ 40 ಎಂಬಿಪಿಎಸ್, ಅಪ್‌ಲೋಡ್ ಬರೀ 5. ನನ್ನ ತಮ್ಮ qBittorrent ನಲ್ಲಿ ಉಬುಂಟು ಐಎಸ್‌ಒ ಸೀಡ್ ಮಾಡಲು ಬಿಟ್ಟರೆ ಸಾಕು, ವಿಡಿಯೋ ಕಾಲ್‌ನಲ್ಲಿ ಆ ಕಡೆ ಅಕ್ಕನಿಗೆ ಅಮ್ಮನ ಮುಖ ಮಾತಿನ ಮಧ್ಯದಲ್ಲೇ ನಿಂತುಬಿಡುತ್ತದೆ. ಪಿಂಗ್ 20 ಮಿಲಿಸೆಕೆಂಡ್ ಇದ್ದದ್ದು 900 ದಾಟುತ್ತದೆ. ಡೌನ್‌ಲೋಡ್ ಕೂಡ ತೆವಳುತ್ತದೆ, ಯಾಕಂದ್ರೆ ಬಂದ ಡೇಟಾಗೆ ‘ಸಿಕ್ಕಿತು’ ಅಂತ ವಾಪಸ್ ಹೇಳುವ ಪುಟ್ಟ ಪ್ಯಾಕೆಟ್‌ಗಳೂ ಮೋಡೆಮ್‌ನ ಅದೇ ಅಪ್‌ಲೋಡ್ ಸಾಲಿನಲ್ಲಿ ಕಾಯಬೇಕಲ್ವಾ.

5 ಎಂಬಿಪಿಎಸ್ ಅಂದ್ರೆ ಸುಮಾರು 610 KiB/s. ಸೀಡಿಂಗ್ ಮಿತಿ 450ಕ್ಕೆ ಇಟ್ಟೆ, ಪಿಂಗ್ 60ಕ್ಕೆ ಇಳಿಯಿತು. ಆದರೆ ಫೋನಿನ ಫೋಟೋ ಬ್ಯಾಕಪ್ ಸೇರಿಕೊಂಡರೆ ಮತ್ತೆ ಅದೇ ಗೋಳು.

ಸೀಡಿಂಗ್ ಪೂರ್ತಿ ನಿಲ್ಲಿಸೋಕೆ ಮನಸ್ಸಿಲ್ಲ, ನಾವೂ ಬೇರೆಯವರಿಂದ ಪಡೆದವರೇ. ರೂಟರ್‌ಗೆ OpenWrt ಹಾಕಿ SQM ಬಳಸುತ್ತಿರುವವರು ಯಾರಾದರೂ ಇದ್ದೀರಾ? ಇಷ್ಟೇ ಲೈನ್‌ಗೆ ಅಪ್‌ಲೋಡ್ ಎಷ್ಟಕ್ಕೆ ಇಟ್ಟಿದ್ದೀರಿ?