ಸಹಾಯ ಬೇಕು: ಇಂಪ್ರಾಪರ್ ಇಂಟೆಗ್ರಲ್‌ನಲ್ಲಿ ಸೊನ್ನೆಯ ಬಳಿಯ ತೊಡಕು ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಎರಡು ದಿನಗಳಿಂದ ಈ ಒಂದು ಲೆಕ್ಕ ನನ್ನನ್ನು ಬಿಡುತ್ತಿಲ್ಲ:

∫₀^∞ dx / (√x (1+x))

ಇಲ್ಲಿ ತೊಡಕು ಎರಡು ಕಡೆ ಇದೆ. x ಸೊನ್ನೆಯನ್ನು ಸಮೀಪಿಸಿದಾಗ ಬೆಲೆ ಮಿತಿಯಿಲ್ಲದೆ ಏರುತ್ತದೆ. ಇನ್ನೊಂದು ತುದಿ ಅನಂತಕ್ಕೆ ಹೋಗುತ್ತದೆ. ಮೊದಲು ನಾನು ಇಡೀ ವ್ಯಾಪ್ತಿಗೆ 1/√x ಜೊತೆ ಹೋಲಿಸಿದೆ. ಅದು ಅನಂತದವರೆಗೆ ಅಪಸರಿಸುವುದರಿಂದ ಇದೂ ಅಪಸರಿಸುತ್ತದೆ ಎಂದು ಬರೆದೆ. ಅದು ತಪ್ಪು ಎಂದು ಆಮೇಲೆ ತಿಳಿಯಿತು: ದೊಡ್ಡದು ಅಪಸರಿಸಿದರೆ ಚಿಕ್ಕದರ ಬಗ್ಗೆ ಏನೂ ಹೇಳಲಾಗದು.

ಹಾಗಾಗಿ 1ರಲ್ಲಿ ಎರಡು ಭಾಗ ಮಾಡಿದೆ. 0ಯಿಂದ 1ರವರೆಗೆ ಬೆಲೆ 1/√x ಅನ್ನು ಮೀರುವುದಿಲ್ಲ. ಅದರ ಇಂಟೆಗ್ರಲ್ 2. 1ರಿಂದ ಮುಂದೆ 1/x^(3/2) ಅನ್ನು ಮೀರುವುದಿಲ್ಲ, ಅದೂ 2. ಅಂದರೆ ಒಟ್ಟು ಅಭಿಸರಿಸುತ್ತದೆ, ಉತ್ತರ 4ಕ್ಕಿಂತ ಕಡಿಮೆ.

ನಂತರ x = t² ಎಂದು ಇಟ್ಟರೆ ∫₀^∞ 2 dt/(1+t²) = π ಬರುತ್ತದೆ. 4ರ ಒಳಗೇ ಇರುವುದರಿಂದ ಉತ್ತರದ ಮೇಲೆ ನಂಬಿಕೆ ಇದೆ.

ನನ್ನ ಪ್ರಶ್ನೆ: ಹೊಸ ರೂಪದಲ್ಲಿ ಸೊನ್ನೆಯ ಬಳಿ ತೊಡಕೇ ಇಲ್ಲ. ಹೀಗೆ ನೇರವಾಗಿ ಆದೇಶಿಸಬಹುದೇ, ಅಥವಾ ಮೊದಲು ε ಯಿಂದ R ವರೆಗೆ ಮಾಡಿ, √ε ಯಿಂದ √R ಗೆ ಬದಲಿಸಿ, ಬಳಿಕ ಮಿತಿ ತೆಗೆದುಕೊಳ್ಳಬೇಕೇ? ಪರೀಕ್ಷೆಯಲ್ಲಿ ಎಷ್ಟು ಹಂತ ಬರೆಯಬೇಕು ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.