ಪದಚರ್ಚೆ: ಕಂಬ ‘ಸರಿದಿದೆ’ ಎನ್ನಬೇಕೋ, ‘ತಪ್ಪಿದೆ’ ಎನ್ನಬೇಕೋ?

ಪ್ರಶ್ನೆ, ಹುಬ್ಬಳ್ಳಿಯಿಂದ

ಬಳಗದವರಿಗೆ ನಮಸ್ಕಾರ. ನಾನು ಕಟ್ಟಡಗಳ ಸರ್ವೆ ಮಾಡುವವಳು. ಒಂದು ಶಾಲಾ ಕಟ್ಟಡದ ಕಾಲಂಗಳ ಸ್ಥಾನ ಪರಿಶೀಲಿಸಿ ವರದಿ ಕೊಡಬೇಕಿತ್ತು. ಆಡಳಿತ ಮಂಡಳಿಯವರು ಕನ್ನಡದಲ್ಲೇ ಬೇಕೆಂದರು. ಸಂತೋಷದಿಂದ ಬರೆದೆ, ಆದರೆ ಬರೆದ ಮೇಲೆ ತೊಂದರೆಯಾಯಿತು.

ಪೂರ್ವ-ಪಶ್ಚಿಮ 24 ಮೀಟರ್, ಉತ್ತರ-ದಕ್ಷಿಣ 18 ಮೀಟರ್, ಆರಾರು ಮೀಟರಿಗೆ ಒಂದರಂತೆ 20 ಕಾಲಂ. ಮಾರ್ಕಿಂಗ್ ಮಾಡಿದವಳೂ ನಾನೇ. ಪಾಯದ ಮೇಲೆ ಕಾಲಂ ಎದ್ದ ನಂತರ ಮತ್ತೆ ಅಳೆದಾಗ ಇಪ್ಪತ್ತೂ ಕಾಲಂ ಪೂರ್ವದ ಕಡೆಗಿದ್ದವು, 9ರಿಂದ 12 ಮಿಲಿಮೀಟರ್. ವರದಿಯಲ್ಲಿ ಹೀಗೆ ಬರೆದೆ: “ನಿಯಂತ್ರಣ ಬಿಂದುಗಳ ನಿಖರತೆ 3 ಮಿ.ಮೀ. ಒಳಗಿದೆ. ಕಂಬಗಳು ಪೂರ್ವಕ್ಕೆ 12 ಮಿ.ಮೀ.ವರೆಗೆ ಸರಿದಿವೆ.”

ಮರುದಿನವೇ ಕಾರ್ಯದರ್ಶಿಗಳ ಫೋನು. “ಏನ್ರೀ ಮೇಡಂ, ಪಾಯ ಜಾರಾಕತ್ತೇತೇನು?” ಅಂತ ಗಾಬರಿಯಿಂದ ಕೇಳಿದರು. ಆಮೇಲೆ, “3 ಮಿಲಿಮೀಟರ್ ನಿಖರ ಅಂತೀರಿ, 12 ತಪ್ಪೇತಿ ಅಂತೀರಿ, ಯಾವುದು ಖರೆ?” ಎಂದರು. ಎರಡೂ ಖರೆಯೇ. ಅದನ್ನು ಹೇಳುವ ಕನ್ನಡ ನನ್ನ ಬಳಿ ಇರಲಿಲ್ಲ. ‘ಡೀವಿಯೇಷನ್’, ‘ಟಾಲರೆನ್ಸ್’, ‘ಕಂಟ್ರೋಲ್ ಪಾಯಿಂಟ್’ ಇವಕ್ಕೆ ಸೈಟಿನಲ್ಲೂ ಕಚೇರಿಯಲ್ಲೂ ಒಂದೇ ಅರ್ಥ ಕೊಡುವ ಪದಗಳು ಬೇಕು.

ಉತ್ತರ, ಮೈಸೂರಿನಿಂದ

ಡೀವಿಯೇಷನ್‌ಗೆ ‘ವಿಚಲನೆ’ ಇದೆಯಲ್ಲ. ಗಣಿತದ ಪಠ್ಯಗಳಲ್ಲಿ ‘ಮಾನಕ ವಿಚಲನೆ’ ಎಂದು ಬಹಳ ವರ್ಷಗಳಿಂದ ಕಲಿಸುತ್ತಿದ್ದೇವೆ, ನಾನೂ ಕಲಿಸಿದ್ದೇನೆ. ‘ಸರಿ’ ಎಂಬ ಕ್ರಿಯಾಪದದಲ್ಲಿ ಚಲನೆ ಇದೆ. ಮೊದಲು ಒಂದೆಡೆ ಇದ್ದದ್ದು ಆಮೇಲೆ ಇನ್ನೊಂದೆಡೆಗೆ ಹೋದರೆ ಮಾತ್ರ ಅದು ಸರಿದದ್ದು. ನಿಮ್ಮ ಕಂಬ ಹುಟ್ಟಿದ್ದೇ ಅಲ್ಲಿ ತಾನೆ? ಕಾರ್ಯದರ್ಶಿಗಳು ಓದಿದ್ದು ಸರಿಯಾಗಿಯೇ ಇದೆ.

ಉತ್ತರ, ತುಮಕೂರಿನಿಂದ

ನಾನು ಗುತ್ತಿಗೆದಾರ. ಪದ ಆಮೇಲೆ ನೋಡೋಣ, ಮೊದಲು ಮೂಲೆಯಿಂದ ಮೂಲೆಗೆ ಟೇಪು ಹಿಡಿದಿರಾ? 24ಕ್ಕೆ 18 ಅಂದರೆ ಕರ್ಣ ಸರಿಯಾಗಿ 30 ಮೀಟರ್ ಬರಬೇಕು. ಎರಡೂ ಕರ್ಣ 30 ಬಂದಿದ್ದರೆ ಮೂಲೆಮಟ್ಟ ಸರಿ ಇದೆ, ಮಾರ್ಕಿಂಗ್ ತಪ್ಪಿಲ್ಲ. ಅಲ್ಲದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿ ಕಾಲಂಗೆ 12 ಮಿಲಿಮೀಟರ್ ಬಿಟ್ಟಿದ್ದಾರೆ. ನಿಮ್ಮದು ಅದರೊಳಗೇ ಇದೆ. ‘ಸರಿಯಾಗಿದೆ’ ಎಂದು ಬರೆದು ಮುಗಿಸಿ.

ಉತ್ತರ, ಕೊಪ್ಪಳದಿಂದ

ಕಂದಾಯ ಇಲಾಖೆಯ ಭೂಮಾಪಕನಾಗಿ ನಿವೃತ್ತನಾದವನು ನಾನು. ನಮ್ಮಲ್ಲಿ ಕಂಟ್ರೋಲ್ ಪಾಯಿಂಟಿಗೆ ‘ಬಾಂದುಕಲ್ಲು’ ಎಂದೇ ಹೆಸರು. ಹದ್ದುಬಸ್ತಿಗೆ ಹೋದಾಗ ಮೊದಲ ಕೆಲಸವೇ ಬಾಂದುಕಲ್ಲು ಹುಡುಕುವುದು. ಒಮ್ಮೆ ಒಂದು ಹೊಲದಲ್ಲಿ ಕಲ್ಲು ಸಿಕ್ಕಿತು, ಆದರೆ ಉಳುವಾಗ ಯಾರೋ ಕಿತ್ತು ಬದುವಿನ ಆಚೆ ನೆಟ್ಟಿದ್ದರು. ಒಂದೇ ಕಲ್ಲು ನಂಬಿ ಅಳೆದಿದ್ದರೆ ಅಣ್ಣತಮ್ಮಂದಿರ ಜಗಳ ಇನ್ನೂ ಮುಗಿಯುತ್ತಿರಲಿಲ್ಲ. ಪಕ್ಕದ ಸರ್ವೆ ನಂಬರಿನ ಕಲ್ಲುಗಳಿಂದ ಟಿಪ್ಪಣಿ ಪ್ರಕಾರ ಅಳೆದು ಬಂದ ಮೇಲೇ ಗೊತ್ತಾದದ್ದು. ನಿಮ್ಮ ಶಾಲೆಯ ಹದ್ದು ಪೂರ್ವಕ್ಕೆ ಹೋಗಿದ್ದರೆ ಪಕ್ಕದ ಜಮೀನಿನವರಿಗೆ ನೋಟಿಸು ಕೊಟ್ಟಿರಾ?

ಉತ್ತರ, ಬೆಂಗಳೂರಿನಿಂದ

ಕೊಪ್ಪಳದ ಹಿರಿಯರೇ, ಇಲ್ಲಿ ಜಮೀನಿನ ಹದ್ದಿನ ಮಾತಿಲ್ಲ. ಬಾಂದುಕಲ್ಲು ಎಂದರೆ ಮಂಡಳಿಯವರು ಗಡಿ ಎಂದೇ ತಿಳಿಯುತ್ತಾರೆ. ಆದರೆ ನಿಮ್ಮ ಕಿತ್ತ ಕಲ್ಲಿನ ಕಥೆಯಲ್ಲೇ ಈ ಪ್ರಶ್ನೆಗೆ ಉತ್ತರವಿದೆ.

ಮೇಡಂ, ಯಂತ್ರ ಎಲ್ಲಿ ನಿಲ್ಲಿಸಿದ್ದಿರಿ, ಯಾವ ಬಿಂದು ನೋಡಿ ದಿಕ್ಕು ಕಟ್ಟಿದಿರಿ, ಆ ದೂರ ತಾಳೆಯಾಗಿತ್ತೇ?

ಪ್ರಶ್ನೆ ಕೇಳಿದವರು

ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಇಟ್ಟಿದ್ದು ಕೆ-2 ಎಂಬ ನಿಯಂತ್ರಣ ಬಿಂದುವಿನ ಗೂಟದ ಮೇಲೆ. ನೇರ ಉತ್ತರಕ್ಕೆ 80 ಮೀಟರ್ ದೂರದ ಕೆ-1 ನೋಡಿ ದಿಕ್ಕು ಕಟ್ಟಿದೆ. ದೂರ ಮಿಲಿಮೀಟರಿಗೆ ತಾಳೆಯಾಗಿತ್ತು. ಕರ್ಣಗಳೂ ಎರಡೂ 30 ಮೀಟರೇ. ಮರುಪರಿಶೀಲನೆ ಮಾಡಿದ್ದು ಕೆ-3ರಿಂದ, ಅದು ಕೆ-2ರ ಪೂರ್ವಕ್ಕೆ 60 ಮೀಟರ್. ಕೆ-2ರಿಂದ 10 ಮೀಟರ್ ಉತ್ತರಕ್ಕಿರುವ ಹತ್ತಿರದ ಸಾಲಿನಲ್ಲಿ ವ್ಯತ್ಯಾಸ 12, ಉತ್ತರದ ಕೊನೆಯ ಸಾಲಿನಲ್ಲಿ 9. ಪೂರ್ವದ ತುದಿಯ ಕಾಲಂಗಳು ಉತ್ತರಕ್ಕೂ ಸುಮಾರು 5 ಮಿಲಿಮೀಟರ್ ಹೋಗಿವೆ.

ಉತ್ತರ, ಬೆಂಗಳೂರಿನಿಂದ

ಹಾಗಾದರೆ ಸರಿದದ್ದು ಕಂಬವಲ್ಲ, ಕೆ-2ರ ಗೂಟ. ಪೂರ್ವಕ್ಕೆ ಸುಮಾರು 14 ಮಿಲಿಮೀಟರ್. ಮಣ್ಣು ತೆಗೆಯುವ ಗಾಡಿ ತಾಗಿರಬಹುದು.

ದೂರ ಏಕೆ ತಾಳೆಯಾಯಿತು ಎಂದರೆ, ಗೂಟ ಸರಿದದ್ದು ಕೆ-1ರ ಗೆರೆಗೆ ಅಡ್ಡವಾಗಿ. 80 ಮೀಟರಿಗೆ 14 ಮಿಲಿಮೀಟರ್ ಅಡ್ಡ ಹೋದರೆ ಉದ್ದದಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಹೆಚ್ಚುತ್ತದೆ, ಅದು ಯಾವ ಯಂತ್ರಕ್ಕೂ ಕಾಣದು. ಆದರೆ ದಿಕ್ಕು ಕೋನದ ಲೆಕ್ಕದಲ್ಲಿ ಸುಮಾರು 36 ಸೆಕೆಂಡ್ ತಿರುಗಿತು. ಗೂಟದಿಂದ ಕೆ-1ರ ಕಡೆಗೆ ಹೋದಂತೆ ಆ ತಿರುವು ಪೂರ್ವದ ತಪ್ಪನ್ನು ತಿನ್ನುತ್ತಾ ಬಂತು. 10 ಮೀಟರ್ ಉತ್ತರದಲ್ಲಿ 12, 28 ಮೀಟರಿನಲ್ಲಿ 9. ಅದೇ ತಿರುವು ಪೂರ್ವದ ತುದಿಯನ್ನು ಉತ್ತರಕ್ಕೆ ತಳ್ಳಿತು. ನಿಮ್ಮ ಅಂಕಿಗಳು ಇದಕ್ಕೆ ಹೊಂದುತ್ತವೆ. ಕಾಂಕ್ರೀಟ್ ಸುರಿಯುವ ಅಚ್ಚು, ಅಂದರೆ ಫಾರ್ಮಾ ಕಟ್ಟುವವರ ತಪ್ಪಾಗಿದ್ದರೆ ಒಂದೊಂದು ಕಾಲಂ ಒಂದೊಂದು ದಿಕ್ಕಿಗೆ ಹೋಗಿರುತ್ತಿತ್ತು.

ತುಮಕೂರಿನವರು ಹೇಳಿದ ಕರ್ಣ ಒಳ್ಳೆಯ ಪರೀಕ್ಷೆಯೇ, ನಾನೂ ಬಿಡುವುದಿಲ್ಲ. ಆದರೆ ಇಡೀ ಚೌಕಟ್ಟು ಸೇರಿ ಜರುಗಿದಾಗ, ತಿರುಗಿದಾಗ ಅದರ ಕರ್ಣ ಬದಲಾಗುವುದಿಲ್ಲ. ಮಂಚವನ್ನು ಕೋಣೆಯ ಇನ್ನೊಂದು ಮೂಲೆಗೆ ಎಳೆದರೂ ಮಂಚ ಸೊಟ್ಟಗಾಗದು. ಕಂಬಗಳು ಒಂದಕ್ಕೊಂದು ಹೊಂದಿವೆ, ನಕ್ಷೆಗೆ ಹೊಂದಿಲ್ಲ. ಮಾರ್ಕಿಂಗ್ ದಿನವೇ ಯಂತ್ರ ತಿರುಗಿಸಿ ಕೆ-3 ನೋಡಿದ್ದರೆ, ಅದು ತನ್ನ ಜಾಗಕ್ಕಿಂತ ಪಶ್ಚಿಮಕ್ಕೆ 14, ದಕ್ಷಿಣಕ್ಕೆ 10 ಮಿಲಿಮೀಟರ್ ತೋರಿಸುತ್ತಿತ್ತು. ಮೂರನೆಯ ಬಿಂದು ನೋಡದೆ ಒಂದು ಗೂಟವನ್ನೂ ಹೊಡೆಯಬಾರದು.

ಇನ್ನು ಐಎಸ್ 456ರ 12 ಮಿಲಿಮೀಟರ್. ಅದು ಕಾಲಂನ ಅಡ್ಡಳತೆಗೆ, ಅಂದರೆ ಗಾತ್ರ 12 ಹೆಚ್ಚಾಗಬಹುದು, 6 ಕಡಿಮೆಯಾಗಬಹುದು ಎಂದು. ಕಾಲಂ ನಿಂತ ಜಾಗಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಥಾನಕ್ಕೆ ಎಷ್ಟು ಬಿಡಬಹುದು ಎಂಬುದನ್ನು ಆ ಕಟ್ಟಡದ ಕರಾರು ಮತ್ತು ವಿನ್ಯಾಸಕಾರರಿಂದಲೇ ಕೇಳಿ ತಿಳಿಯಬೇಕು.

ಪದಗಳ ಬಗ್ಗೆ: ‘ನಿಯಂತ್ರಣ ಬಿಂದು’ ಎಂದರೆ ಆ ಬಿಂದು ಏನನ್ನೋ ಹಿಡಿದು ಆಳುತ್ತದೆ ಎಂಬಂತಿದೆ. ನಾವು ಅದನ್ನು ಆಧಾರವಾಗಿಟ್ಟು ಅಳೆಯುತ್ತೇವೆ, ಆದ್ದರಿಂದ ‘ಆಧಾರ ಬಿಂದು’. ‘ಸರಿತ’ವನ್ನು ಗೂಟಕ್ಕೆ ಉಳಿಸಿ, ಅದು ನಿಜವಾಗಿಯೂ ಸರಿದಿದೆ. ಕಂಬಕ್ಕೆ ‘ಸ್ಥಾನವ್ಯತ್ಯಾಸ’. ‘ವಿಚಲನೆ’ ನನಗೆ ಒಗ್ಗದು. ‘ವಿಚಲಿತ’ ಎಂದರೆ ಮನಸ್ಸು ಕದಡಿದವನು ಎಂದು ಜನಕ್ಕೆ ಗೊತ್ತು, ಮತ್ತೆ ಅದೇ ಗಾಬರಿ. ‘ನಿಖರತೆ’ಯನ್ನು ಅಳತೆಗೆ ಮಾತ್ರ ಬಳಸಿ, ಕಂಬಕ್ಕೆ ಬೇಡ.

ಉತ್ತರ, ಮೈಸೂರಿನಿಂದ

ಗೂಟ-ಕಂಬದ ಭೇದ ಒಪ್ಪಿದೆ. ‘ವಿಚಲನೆ’ಯನ್ನು ಬಿಡಲಾರೆ. ಮಕ್ಕಳು ಶಾಲೆಯಲ್ಲಿ ಕಲಿತ ಪದವನ್ನು ಸೈಟಿನಲ್ಲಿ ಹೊರಗಿಟ್ಟರೆ ಅದು ಬೆಳೆಯುವುದೆಲ್ಲಿ?

ಉತ್ತರ, ತುಮಕೂರಿನಿಂದ

12 ಮಿಲಿಮೀಟರ್ ಗಾತ್ರಕ್ಕೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಜಾಗಕ್ಕೆ ಅಂದುಕೊಂಡೇ ಕೆಲಸ ಮಾಡಿದ್ದೇನೆ. ಆದರೆ ನಮ್ಮ ಮೇಸ್ತ್ರಿ ‘ಸ್ಥಾನವ್ಯತ್ಯಾಸ’ ಎನ್ನುವುದಿಲ್ಲ. ‘ಕಾಲಂ ಔಟ್ ಐತೆ’ ಅಂತಾನೆ, ಎಷ್ಟು ಎಂದು ಕೇಳಿದರೆ ಕೈಯಲ್ಲಿ ತೋರಿಸ್ತಾನೆ.

ಪ್ರಶ್ನೆ ಕೇಳಿದವರು

ಕೆ-2ಕ್ಕೆ ಹೋಗಿ ನೋಡಿ ಬಂದೆ. ಗೂಟದ ಸುತ್ತಲಿನ ಕಾಂಕ್ರೀಟಿನ ಪಶ್ಚಿಮಕ್ಕೆ ಬೆರಳು ತೂರುವಷ್ಟು ಬಿರುಕಿದೆ. ವರದಿಯನ್ನು ಹೀಗೆ ತಿದ್ದಿದ್ದೇನೆ:

“ಆಧಾರ ಬಿಂದು ಕೆ-2 ಪೂರ್ವಕ್ಕೆ ಸುಮಾರು 14 ಮಿ.ಮೀ. ಸರಿದಿತ್ತು. ಅದರಿಂದ ಗುರುತಿಸಿದ ಕಂಬಗಳು ನಕ್ಷೆಯ ಸ್ಥಾನಕ್ಕಿಂತ ಪೂರ್ವದಲ್ಲಿ 9ರಿಂದ 12 ಮಿ.ಮೀ. ವ್ಯತ್ಯಾಸದಲ್ಲಿ ನಿಂತಿವೆ. ಕಟ್ಟಿದ ಮೇಲೆ ಅವು ಚಲಿಸಿಲ್ಲ. ಈ ಅಳತೆಯ ನಿಖರತೆ 3 ಮಿ.ಮೀ.”

ಉಳಿದದ್ದು ಟಾಲರೆನ್ಸ್. ‘ಸಹಿಷ್ಣುತೆ’ ಎಂದರೆ ಧರ್ಮದ ವಿಷಯವಾಗುತ್ತದೆ. ‘ಅನುಮತ ವ್ಯತ್ಯಾಸ’ ಎಂದಾಗ ಕಾರ್ಯದರ್ಶಿಗಳು “ಅನುಮತಿ ಕೊಟ್ಟೋರು ಯಾರು?” ಎಂದು ಕೇಳಿದರು. ನಮ್ಮಮ್ಮ ರವಿಕೆ ಹೊಲಿಯುವಾಗ ಹೊಲಿಗೆಗೆಂದು ಬಿಡುವ ಬಟ್ಟೆಗೆ ‘ಬಿಡುವು’ ಅನ್ನುತ್ತಿದ್ದಳು. ಅದು ನಡೆದೀತೇ? ಸೋಮವಾರದೊಳಗೆ ವರದಿ ಕೊಡಬೇಕು.