ಶಿವಮೊಗ್ಗದಲ್ಲಿ ಆ್ಯಪ್‌ಗೆ ಓಡಿಸಲು ಯಾವ ಕಾರು: ಹೊಸ ಸಿಎನ್‌ಜಿಯೋ, ಹಳೇ ಡೀಸೆಲ್ಲೋ?

ವಿನೋಬನಗರದ ಹುಡುಗ: ಇಷ್ಟು ದಿನ ಬೇರೆಯವರ ಗಾಡಿ ಓಡಿಸಿದೆ, ಈಗ ಸ್ವಂತದ್ದು ಬೇಕು. ಕೈಯಲ್ಲಿ 2 ಲಕ್ಷ ಇದೆ. ಊರೊಳಗೆ ಆ್ಯಪ್ ಬಾಡಿಗೆ, ಜೊತೆಗೆ ಜೋಗ, ಶೃಂಗೇರಿ, ಮಣಿಪಾಲ ಟ್ರಿಪ್. ಹೊಸ ಡಿಜೈರ್ ಟೂರ್ ಎಸ್ ಸಿಎನ್‌ಜಿ ತಗೊಳ್ಳಲಾ, ಹಳೇ ಡೀಸೆಲ್ ಎಟಿಯೋಸ್ ತಗೊಳ್ಳಲಾ? ಸಾಲ ಕುತ್ತಿಗೆಗೆ ಬರಬಾರದು.

ಸಾಗರ ಸ್ಟ್ಯಾಂಡ್: ಕಣ್ಣು ಮುಚ್ಚಿ ಎಟಿಯೋಸ್ ತಗೋ ತಮ್ಮ. ಘಾಟಿಗೆ ಡೀಸೆಲ್ಲೇ ಸರಿ. ನಾಲ್ಕು ಜನ, ಲಗೇಜು, ಎಸಿ ಹಾಕಿಕೊಂಡೇ ಆಗುಂಬೆ ಹತ್ತುತ್ತದೆ. ಡಿಕ್ಕಿಯೂ ದೊಡ್ಡದು. ಸಿಎನ್‌ಜಿಯಲ್ಲಿ ಡಿಕ್ಕಿ ಪೂರ್ತಿ ಸಿಲಿಂಡರ್‌ಗೇ ಹೋಯ್ತು, ಪಾರ್ಟಿಯವರ ಬ್ಯಾಗ್ ಎಲ್ಲಿಡುತ್ತೀಯ? ಸಾಲವೂ ಅರ್ಧಕ್ಕರ್ಧ ಕಮ್ಮಿ.

ಭದ್ರಾವತಿ ಮಾವ: ಹಳದಿ ಬೋರ್ಡೇ ಯಾಕೆ? ಮೊದಲು ಬಿಳಿ ಬೋರ್ಡ್ ಗಾಡಿ ತಗೊಂಡು ಪರಿಚಯದವರಿಗೆ ಓಡಿಸು. ನಮ್ಮ ಕಡೆ ಯಾರು ಕೇಳ್ತಾರೆ?

ಘಾಟಿ ಡ್ರೈವರ್: ಮಾವ, ದಯವಿಟ್ಟು ಈ ಮಾತು ಹೇಳಬೇಡಿ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ಸ್ವಂತ ಬಳಕೆಯ ಪಾಲಿಸಿಯಲ್ಲಿ ಬಾಡಿಗೆ ಓಡಿಸಬಾರದು ಅಂತ ಬರೆದೇ ಇರುತ್ತದೆ. ಘಾಟಿಯಲ್ಲಿ ಗಾಡಿ ಹೋಗಿ ಬಂಡೆಗೆ ಬಡಿದರೆ ಕಂಪನಿ ರಿಪೇರಿ ದುಡ್ಡು ಕೊಡುವುದಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ.

ಹುಡುಗನ ಪ್ರಶ್ನೆಗೆ ಬರುತ್ತೇನೆ. ಮಣಿಪಾಲ ಟ್ರಿಪ್ಪನ್ನೇ ತಗೊಳ್ಳೋಣ, ನಮ್ಮೂರಿನವರು ಆಸ್ಪತ್ರೆಗೆ ಹೋಗುವುದೇ ಅಲ್ಲಿಗೆ ಅಲ್ವಾ. ಹೋಗಿ ಬರಲು ಸುಮಾರು 300 ಕಿ.ಮೀ. ಬಿಡುವುದಷ್ಟೇ ಇದ್ದರೆ ಬರುವಾಗ ಖಾಲಿ. ಮೈಲೇಜನ್ನು ಈ ಖಾಲಿ ಕಿಲೋಮೀಟರೂ ಸೇರಿಸಿಯೇ ನೋಡಬೇಕು. ಟೂರ್ ಎಸ್ ಸಿಎನ್‌ಜಿಗೆ ಕಂಪನಿ ಹೇಳುವುದು ಕೆ.ಜಿ.ಗೆ 34 ಕಿ.ಮೀ. ನಮ್ಮ ಏರಿಳಿತದ ರಸ್ತೆಗೆ 24 ಅಂತ ಹಿಡಿ. ಗ್ಯಾಸ್ ಕೆ.ಜಿ.ಗೆ 88 ರೂಪಾಯಿ ಅಂದುಕೊಂಡರೆ ಟ್ರಿಪ್ಪಿಗೆ 1,100. ಅದೇ ಗಾಡಿ ಪೆಟ್ರೋಲ್‌ನಲ್ಲಿ 17 ಕೊಟ್ಟರೆ, ಲೀಟರ್‌ಗೆ 103ರಂತೆ 1,800. ಟ್ರಿಪ್ಪಿಗೆ 700 ಉಳಿಯಿತು. ತಿಂಗಳಿಗೆ 3,000 ಕಿ.ಮೀ. ಓಡಿದರೆ 7,000.

ಸಿಎನ್‌ಜಿ ಗಾಡಿಗೆ ಪೆಟ್ರೋಲ್ ಗಾಡಿಗಿಂತ ಹತ್ತಿರ ಹತ್ತಿರ 90,000 ಜಾಸ್ತಿ. ಒಂದು ವರ್ಷದ ಮೇಲೆ ಸ್ವಲ್ಪದರಲ್ಲಿ ಅದು ವಾಪಸ್ ಬರುತ್ತದೆ. ಆದರೆ ಇದು ಎಲ್ಲಾ ಕಡೆ ಗ್ಯಾಸ್ ಸಿಕ್ಕರೆ ಮಾತ್ರ. ಸಿಲಿಂಡರ್‌ಗೆ ಹಿಡಿಯುವುದು 8 ಕೆ.ಜಿ. ಆಸುಪಾಸು, ಅಂದರೆ 190 ಕಿ.ಮೀ. ಮಣಿಪಾಲಕ್ಕೆ ಹೋದರೆ ಉಡುಪಿಯಲ್ಲಿ ತುಂಬಿಸಿಕೊಂಡು ಬರಬಹುದು. ದಾರಿಯಲ್ಲಿ ಗ್ಯಾಸ್ ಇಲ್ಲದ ಊರುಗಳಿಗೇ ಹೆಚ್ಚು ಹೋಗುವವನಾದರೆ ಅರ್ಧ ಓಟ ಪೆಟ್ರೋಲ್‌ನಲ್ಲೇ. ಆಗ 90,000 ಹುಟ್ಟಲು ಎರಡು ವರ್ಷ ದಾಟುತ್ತದೆ.

ವಿನೋಬನಗರದ ಹುಡುಗ: ಅಣ್ಣ, ಬಂಕಿನಲ್ಲಿ ಫುಲ್ ಹಾಕಿಸಿದರೂ ಕೆಲವು ಸಲ 6 ಕೆ.ಜಿ.ಯೇ ಹಿಡಿಯುತ್ತದಂತೆ, ಹೌದಾ?

ಘಾಟಿ ಡ್ರೈವರ್: ಹೌದು. ಫುಲ್ ಅಂದರೆ 200 ಬಾರ್ ಒತ್ತಡ ಬರಬೇಕು. ಪೈಪ್‌ಲೈನ್ ಇಲ್ಲದ ಬಂಕಿಗೆ ಗ್ಯಾಸ್ ಲಾರಿಯಲ್ಲಿ ಬರುತ್ತದೆ. ಲಾರಿ ಖಾಲಿಯಾಗುತ್ತಾ ಬಂದ ಹಾಗೆ ಒತ್ತಡ ಇಳಿಯುತ್ತದೆ, ಕ್ಯೂನಲ್ಲಿ ಕೊನೆಗೆ ನಿಂತವನಿಗೆ 150 ಬಾರ್ ಸಿಗುತ್ತದೆ. ಡಿಸ್ಪೆನ್ಸರ್ ಮುಳ್ಳು ಎಲ್ಲಿಗೆ ನಿಂತಿತು ಅಂತ ನೋಡುವುದನ್ನು ಅಭ್ಯಾಸ ಮಾಡಿಕೋ. ಗಾಡಿ ಬುಕ್ ಮಾಡುವ ಮೊದಲೇ ನಿನ್ನ ದಾರಿಯ ಬಂಕುಗಳಿಗೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಡ್ರೈವರ್‌ಗಳನ್ನು ಕೇಳು.

ಏರಿನ ಬಗ್ಗೆ ಸಾಗರದವರು ಹೇಳಿದ್ದು ನಿಜ. ಗ್ಯಾಸ್‌ನಲ್ಲಿ ಟೂರ್ ಎಸ್‌ನ ಟಾರ್ಕ್, ಅಂದರೆ ಎಳೆಯುವ ಬಲ, 112 ಎನ್‌ಎಂನಿಂದ 102ಕ್ಕೆ ಇಳಿಯುತ್ತದೆ. ಆಗುಂಬೆಯ 14 ತಿರುವಿನಲ್ಲಿ ಫುಲ್ ಲೋಡ್ ಇದ್ದರೆ ಕೆಲವು ಕಡೆ ಫಸ್ಟ್ ಗೇರೇ ಬೇಕು. ಸೆಕೆಂಡ್‌ನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡು ಎಳೆಸಿದರೆ ಕ್ಲಚ್ ಪ್ಲೇಟ್ ಹೋಯ್ತು ಅಂತಲೇ. ಸೋಮೇಶ್ವರದಲ್ಲಿ ಸ್ವಿಚ್ ಒತ್ತಿ ಪೆಟ್ರೋಲ್‌ಗೆ ಹಾಕಿಕೋ, ಮೇಲೆ ಬಂದು ಮತ್ತೆ ಗ್ಯಾಸ್‌ಗೆ ಬಾ.

ಬೆಂಗಳೂರು ಮಲೆನಾಡಿಗ: ನಾನು ಎಲೆಕ್ಟ್ರಿಕ್ ತಗೊಂಡೆ, ಆಫೀಸಿಗೆ ಹೋಗಿಬರಲು ಚಿನ್ನದಂಥ ಗಾಡಿ. ಮನೆಯಲ್ಲೇ ಚಾರ್ಜ್. ಎಲೆಕ್ಟ್ರಿಕ್‌ಗೆ ಪರ್ಮಿಟ್ಟೂ ಬೇಡವಂತೆ. ಅದನ್ನೇ ನೋಡಿ.

ಘಾಟಿ ಡ್ರೈವರ್: ಪರ್ಮಿಟ್ ವಿನಾಯಿತಿ 2018ರಿಂದ ಇದೆ, ಸರಿ. ಆದರೆ ಬಾಡಿಗೆ ಗಾಡಿಯಾಗಿಯೇ ನೋಂದಣಿ ಆಗಬೇಕು, ಎಫ್‌ಸಿ, ಇನ್ಶೂರೆನ್ಸ್ ಎಲ್ಲ ಬೇಕು. ನಿಮ್ಮದು ದಿನಾ ಒಂದೇ ದಾರಿ ಸಾರ್. ಇವನಿಗೆ ರಾತ್ರಿ ಹನ್ನೊಂದಕ್ಕೆ ಮಣಿಪಾಲಕ್ಕೆ ಪೇಷಂಟ್ ಕರೆ ಬಂದರೆ, ಅಷ್ಟು ಹೊತ್ತಿಗೆ ಚಾರ್ಜ್ ಎಷ್ಟಿದೆಯೋ ಅಷ್ಟೇ.

ಸಾಗರ ಸ್ಟ್ಯಾಂಡ್: ಅದಕ್ಕೇ ಹೇಳಿದ್ದು, ಡೀಸೆಲ್!

ಘಾಟಿ ಡ್ರೈವರ್: ಎಟಿಯೋಸ್ ಗಟ್ಟಿ ಗಾಡಿ, ನಾನು ಒಪ್ಪುತ್ತೇನೆ. ಆದರೆ ತಯಾರಿಕೆ 2020ರಲ್ಲೇ ನಿಂತಿದೆ, ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ವಯಸ್ಸಾದದ್ದೇ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಆ್ಯಪ್ ಕಂಪನಿಗಳಿಗೆ ಕೇಂದ್ರದ 2025ರ ಮಾರ್ಗಸೂಚಿಯೂ ಎಂಟು ವರ್ಷ ದಾಟಿದ ಗಾಡಿ ಸೇರಿಸಿಕೊಳ್ಳಬೇಡಿ ಅನ್ನುತ್ತದೆ. ಸ್ಟ್ಯಾಂಡ್ ಬಾಡಿಗೆಗೆ ಅಡ್ಡಿ ಇಲ್ಲ, ಆ್ಯಪ್‌ಗೆ ಕಷ್ಟ. ಇನ್ನೊಂದು ವಿಷಯ, ಆರ್‌ಸಿ ನಿನ್ನ ಹೆಸರಿಗೆ ಬಂದ ತಕ್ಷಣ ಪರ್ಮಿಟ್ ತಾನಾಗಿ ಬರುವುದಿಲ್ಲ. ಆರ್‌ಟಿಒದಲ್ಲಿ ಅದರ ವರ್ಗಾವಣೆಗೆ ಬೇರೆ ಅರ್ಜಿ ಕೊಡಬೇಕು. ಹಳೇ ಮಾಲೀಕನ ಸಾಲ ತೀರಿದ ಎನ್‌ಒಸಿ ಕೈಗೆ ಬರದೆ ಅಡ್ವಾನ್ಸ್ ಕೊಡಬೇಡ.

ಮಳೆ ಊರಿನ ಗಾಡಿ ನೋಡುವಾಗ ಮ್ಯಾಟ್ ಎತ್ತಿ ಕಾರ್ಪೆಟ್ ಕೆಳಗೆ ಕೈ ಹಾಕು. ಸ್ಟೆಪ್ನಿ ತೆಗೆದು ಅದರ ಗುಂಡಿಯ ಮೂಲೆಗಳನ್ನು ನೋಡು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆ. ಕೊನೆಯ ಗೇಣಿನಲ್ಲಿ ಕೆಸರಿನ ಕಲೆ ಕಂಡರೆ ಗಾಡಿ ನೀರಲ್ಲಿ ನಿಂತಿತ್ತು ಅಂತ ಅರ್ಥ. ಬಂಪರ್ ಪಾಲಿಶ್ ಮಾಡುವವರು ಅಲ್ಲಿವರೆಗೆ ತೊಳೆದಿರುವುದಿಲ್ಲ.

ಲೋನ್ ಡೆಸ್ಕ್ ಅಕ್ಕ: ಸಾಲದ ಮಾತು ನಾನು ಹೇಳುತ್ತೇನೆ. 6 ಲಕ್ಷ ಸಾಲ, 10.5% ಬಡ್ಡಿ ಅಂತ ಹಿಡಿಯಿರಿ. ಐದು ವರ್ಷಕ್ಕೆ ಕಂತು ಸುಮಾರು 12,900. ಏಳು ವರ್ಷಕ್ಕೆ 10,100, ಆದರೆ ಒಟ್ಟು 76,000ದಷ್ಟು ಜಾಸ್ತಿ ಕಟ್ಟುತ್ತೀರಿ. ನಾನಾದರೆ ಐದು ವರ್ಷವೇ ಅನ್ನುತ್ತೇನೆ, ಯಾಕಂದರೆ ಐದು ವರ್ಷದ ಮೇಲೆ ಟ್ಯಾಕ್ಸಿಗೆ ಕ್ಲಚ್, ಸಸ್ಪೆನ್ಷನ್ ಖರ್ಚು ಶುರುವಾಗುತ್ತದೆ. ಕಂತೂ ರಿಪೇರಿಯೂ ಒಟ್ಟಿಗೆ ಬೀಳಬಾರದು. ಹಳೇ ಗಾಡಿಗೆ ಸಾಲ ಕಮ್ಮಿ, ನಿಜ. ಆದರೆ ಅದರ ಬಡ್ಡಿ ದರ ಜಾಸ್ತಿ, ಅವಧಿ ಚಿಕ್ಕದು. ಹಾಗಾಗಿ ಕಂತು ಅರ್ಧಕ್ಕೆ ಇಳಿಯುವುದಿಲ್ಲ. ಇನ್ನು 2 ಲಕ್ಷವನ್ನೂ ಡೌನ್ ಪೇಮೆಂಟ್‌ಗೆ ಸುರಿಯಬೇಡಿ. ಮೂರು ಕಂತಿನ ದುಡ್ಡು ಬದಿಗಿಡಿ. ಆಷಾಢದಲ್ಲಿ ಮದುವೆ ಬಾಡಿಗೆ ಇರುವುದಿಲ್ಲ. ಜೋಗಕ್ಕೆ ಜನ ಬಂದರೂ ಶನಿವಾರ ಭಾನುವಾರ ಮಾತ್ರ.

ಘಾಟಿ ಡ್ರೈವರ್: ಅವಧಿ ವಿಷಯದಲ್ಲಿ ನನ್ನದು ಬೇರೆ ಮಾತು ಅಕ್ಕ. ಏಳು ವರ್ಷಕ್ಕೆ ತಗೊಂಡು, ಮದುವೆ ಸೀಸನ್‌ನಲ್ಲಿ ಹೆಚ್ಚಿಗೆ ಕಟ್ಟಿದರೆ ಮಳೆಗಾಲದಲ್ಲಿ ಉಸಿರಾಡಬಹುದು.

ಲೋನ್ ಡೆಸ್ಕ್ ಅಕ್ಕ: ಮುಂಚಿತವಾಗಿ ಕಟ್ಟಿದರೆ ಶುಲ್ಕ ಎಷ್ಟು ಅಂತ ಒಪ್ಪಂದದಲ್ಲಿ ಓದಿದ ಮೇಲೆ ಈ ಮಾತು. ಮತ್ತೆ ಕೈಯಲ್ಲಿ ದುಡ್ಡಿದ್ದಾಗ ಎಷ್ಟು ಜನ ಹೆಚ್ಚಿಗೆ ಕಟ್ಟುತ್ತಾರೆ ಹೇಳಿ.

ಸಾಗರ ಸ್ಟ್ಯಾಂಡ್: ಎಲ್ಲ ಸರಿ ಮಾರಾಯ್ರೆ, ಡಿಕ್ಕಿ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಘಾಟಿ ಡ್ರೈವರ್: ಮೇಲೆ ಕ್ಯಾರಿಯರ್ ಹಾಕಿ ಟಾರ್ಪಾಲ್ ಕಟ್ಟುವುದು ಒಂದು ದಾರಿ, ಮೈಲೇಜ್ ಸ್ವಲ್ಪ ಬೀಳುತ್ತದೆ. ಎರಡು ಸಣ್ಣ ಸಿಲಿಂಡರನ್ನು ಕೆಳಗೆ ಕೂರಿಸಿದ ಟಿಗೋರ್ ಇನ್ನೊಂದು, ಡಿಕ್ಕಿಯಲ್ಲಿ ಬ್ಯಾಗ್ ಹಿಡಿಯುತ್ತದೆ. ಟ್ಯಾಕ್ಸಿಗೆ ಅದನ್ನು ಓಡಿಸುವವರು ನಮ್ಮ ಕಡೆ ಕಮ್ಮಿ. ಓಡಿಸಿದವರು ಇದ್ದರೆ ಇಲ್ಲಿ ಬರೆಯಲಿ.

ವಿನೋಬನಗರದ ಹುಡುಗ: ನಾಳೆ ಬಂಕುಗಳಿಗೆ ಹೋಗಿ ಕೇಳುತ್ತೇನೆ. ಅಣ್ಣ, ಡೀಲರ್ ಆಲ್ ಇಂಡಿಯಾ ಪರ್ಮಿಟ್ಟೂ ಸೇರಿಸಿ ಕೊಟೇಶನ್ ಕೊಟ್ಟಿದ್ದಾರೆ. ಬೇಕಾ?

ಘಾಟಿ ಡ್ರೈವರ್: ಶೃಂಗೇರಿ, ಧರ್ಮಸ್ಥಳ, ಮಣಿಪಾಲ ಎಲ್ಲ ನಮ್ಮ ರಾಜ್ಯದೊಳಗೇ ಇವೆ. ಸದ್ಯಕ್ಕೆ ರಾಜ್ಯದ ಪರ್ಮಿಟ್ ಸಾಕು, ಅದನ್ನು ತೆಗೆಸಿ ಬೇರೆ ಕೊಟೇಶನ್ ಕೇಳು. ಗೋವಾ ಪಾರ್ಟಿಗಳು ಬರಲು ಶುರುವಾದರೆ ಆಗ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಬಹುದು.